ದೊಡ್ಡಪ್ಪನ ನಂತರ ಮಿಲ್ಲು ಯಾರದು?

ನಿಮ್ಮ ಮನೆಯಲ್ಲಿ ಅಂಗಡಿಯೋ, ಮಿಲ್ಲೋ, ನಾಲ್ಕು ಲಾರಿಗಳ ಟ್ರಾನ್ಸ್‌ಪೋರ್ಟೋ ಇದ್ದರೆ, ಈ ವಾರ ಊರಿಗೆ ಫೋನ್ ಮಾಡಿದಾಗ ಒಂದು ಕಾಗದ ಕೇಳಿ ನೋಡಿ. ಪಾಲುದಾರಿಕೆ ಪತ್ರ. ಬ್ಯಾಂಕಿನವರು ಕೇಳಿದ್ದರು ಅಂತ ಯಾವತ್ತೋ ಮಾಡಿಸಿ, ಟ್ರಂಕಿನಲ್ಲಿಟ್ಟು ಮರೆತಿರುವ ಆ ನಾಲ್ಕು ಹಾಳೆ. ವಾಟ್ಸ್ಯಾಪಿನಲ್ಲಿ ಅದರ ಫೋಟೋ ಬಂದ ಮೇಲೆ ಎರಡೇ ವಿಷಯ ನೋಡಿ: ಅದರಲ್ಲಿ ಎಷ್ಟು ಜನರ ಹೆಸರಿದೆ, ಮತ್ತು ಅವರಲ್ಲೊಬ್ಬರು ತೀರಿಕೊಂಡರೆ ಏನಾಗಬೇಕು ಅಂತ ಬರೆದಿದೆಯೇ.

ನಮ್ಮ ದೊಡ್ಡಪ್ಪನ ದಾಲ್ ಮಿಲ್ಲಿನ ಪತ್ರದಲ್ಲಿ ಎರಡು ಹೆಸರಿದ್ದವು. ಅವರದು, ದೊಡ್ಡಣ್ಣನದು. ಮರಣದ ಬಗ್ಗೆಯೂ ಒಂದು ಸಾಲಿತ್ತು: ಪಾಲುದಾರರಲ್ಲಿ ಯಾರೇ ತೀರಿಕೊಂಡರೂ ವ್ಯವಹಾರ ಮುಂದುವರಿಯತಕ್ಕದ್ದು. ಓದಿದರೆ ಸಮಾಧಾನ ಆಗುವಂಥ ಸಾಲು. ಆದರೆ ಆ ಸಾಲಿಗೆ ಬೆಲೆಯಿಲ್ಲ. ಯಾಕೆಂದು ಹೇಳುತ್ತೇನೆ. ಅದಕ್ಕೆ ಮೊದಲು ಮಿಲ್ಲಿನ ಪರಿಚಯ.

ಮಾದನಹಿಪ್ಪರಗಾದಿಂದ ಆಳಂದದವರೆಗೆ, ಆ ಕಡೆ ಅಫಜಲಪುರದವರೆಗೆ ನಮ್ಮದು ತೊಗರಿ ನಾಡು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಡಿಸೆಂಬರ್‌ನಿಂದ ರಾಶಿ ಶುರುವಾದರೆ ಮಾರ್ಚ್‌ವರೆಗೆ ಮಾಲು ಬರುತ್ತಲೇ ಇರುತ್ತದೆ. ವರ್ಷವಿಡೀ ಮಿಲ್ಲು ತಿರುಗಬೇಕೆಂದರೆ ಆ ಮೂರು ನಾಲ್ಕು ತಿಂಗಳಲ್ಲೇ ತೊಗರಿ ಹಿಡಿದಿಡಬೇಕು. ದಿನಕ್ಕೆ 50 ಕ್ವಿಂಟಲ್ ಖರೀದಿ, ಕ್ವಿಂಟಲ್‌ಗೆ 7,000 ರೂಪಾಯಿ ಅಂತ ಹಿಡಿದರೂ ದಿನಕ್ಕೆ ಮೂರೂವರೆ ಲಕ್ಷ ಬೇಕು. ಅಡತಿಯವರಿಗೆ ದುಡ್ಡು ತಡವಾಯಿತೆಂದರೆ ಮರುದಿನದ ಮಾಲು ಪಕ್ಕದ ಮಿಲ್ಲಿಗೆ ಹೋಗುತ್ತದೆ. ಈ ಹಣ ಬರುವುದು ಬ್ಯಾಂಕಿನ ಸಿಸಿ ಲಿಮಿಟ್‌ನಿಂದ. ಅಂದರೆ ದಾಸ್ತಾನು ಒತ್ತೆಯಿಟ್ಟು, ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಸಾಲದ ಖಾತೆ.

ಈಗ ಆ ಸಾಲಿನ ಕತೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 42ನೇ ಕಲಂ ಪ್ರಕಾರ ಒಬ್ಬ ಪಾಲುದಾರ ತೀರಿಕೊಂಡರೆ ಫರ್ಮು ವಿಸರ್ಜನೆ ಆಗುತ್ತದೆ, ಪತ್ರದಲ್ಲಿ ಬೇರೆ ಥರ ಬರೆದುಕೊಂಡಿದ್ದರೆ ಆಗುವುದಿಲ್ಲ. ನಮ್ಮ ಪತ್ರದಲ್ಲಿ ಬೇರೆ ಥರ ಬರೆದಿತ್ತಲ್ಲ, ಮತ್ತೇನು ತೊಂದರೆ ಅಂತೀರಾ? ಇಬ್ಬರೇ ಇದ್ದ ಫರ್ಮಿನಲ್ಲಿ ಒಬ್ಬರು ಹೋದರೆ ಉಳಿಯುವುದು ಒಬ್ಬರು. ಒಬ್ಬರೇ ಸೇರಿ ಪಾಲುದಾರಿಕೆ ಆಗುವುದಿಲ್ಲ. ಗೋವಿಂದರಾಮ್ ಸಕ್ಕರೆ ಮಿಲ್ಲಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1965ರಲ್ಲೇ ಇದನ್ನು ಹೇಳಿದೆ: ಇಬ್ಬರೇ ಇರುವ ಕಡೆ ಅಂಥ ಷರತ್ತು ನಡೆಯುವುದಿಲ್ಲ. ತಂದೆ, ಒಬ್ಬ ಮಗ ಸೇರಿ ಮಾಡಿಕೊಂಡ ಫರ್ಮುಗಳು ನಮ್ಮ ಕಡೆ ಎಷ್ಟಿವೆಯೋ, ಎಲ್ಲದರ ಮೇಲೂ ಈ ಕತ್ತಿ ತೂಗುತ್ತಿದೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್ ಇದೆ ಅಂತ ನಂಬಿಕೊಂಡ ಸರ್ವರ್, ಬ್ಯಾಕಪ್ಪೂ ಅದೇ ಡಿಸ್ಕಿನ ಮೇಲೆ.

ಜನವರಿಯಲ್ಲಿ ಇದು ಸಂಭವಿಸಿತು ಅಂತ ಇಟ್ಟುಕೊಳ್ಳಿ. ಬ್ಯಾಂಕು ಮೊದಲು ಮಾಡುವ ಕೆಲಸ ಸಿಸಿ ಖಾತೆಯಿಂದ ಹಣ ತೆಗೆಯುವುದನ್ನು ನಿಲ್ಲಿಸುವುದು. ಅದು ದಬ್ಬಾಳಿಕೆ ಅಲ್ಲ. ತೀರಿಕೊಂಡವರ ಆಸ್ತಿಯ ಮೇಲೆ ಅವತ್ತಿನವರೆಗೆ ಎಷ್ಟು ಸಾಲವಿತ್ತೋ ಅಷ್ಟನ್ನು ಗೆರೆ ಎಳೆದಿಡಬೇಕು. ಖಾತೆ ಓಡುತ್ತಲೇ ಇದ್ದರೆ ಹೊಸದಾಗಿ ಕಟ್ಟಿದ ಹಣ ಹಳೆಯ ಸಾಲಕ್ಕೆ ಜಮಾ ಆಗಿ, ಆ ಹೊಣೆ ಕರಗಿಹೋಗುತ್ತದೆ. ಅದಕ್ಕೇ ನಿಲ್ಲಿಸುತ್ತಾರೆ. ಹೊಸ ಫರ್ಮು, ಹೊಸ ಪ್ಯಾನ್, ಹೊಸ ಜಿಎಸ್‌ಟಿ ನೋಂದಣಿ, ಹೊಸ ಸಾಲದ ಮಂಜೂರಾತಿ ಎಲ್ಲ ಆಗುವಷ್ಟರಲ್ಲಿ ರಾಶಿ ಮುಗಿದು ಯುಗಾದಿ ಬಂದಿರುತ್ತದೆ. ಮಿಲ್ಲಿನಲ್ಲಿ ಯಂತ್ರ ಇರುತ್ತದೆ, ಬೀಸಲು ತೊಗರಿ ಇರುವುದಿಲ್ಲ.

ಇದು ಮೊದಲ ಹೊಡೆತ. ಎರಡನೆಯದು ಮನೆಯೊಳಗಿನದು. ದೊಡ್ಡಪ್ಪನಿಗೆ ಮೂರು ಮಕ್ಕಳು. ದೊಡ್ಡಣ್ಣ ಹನ್ನೆರಡು ವರ್ಷದಿಂದ ಮಿಲ್ಲಿನಲ್ಲೇ ಇದ್ದಾನೆ. ಅಕ್ಕನನ್ನು ಸೊಲ್ಲಾಪುರಕ್ಕೆ ಕೊಟ್ಟಿದೆ, ಅಲ್ಲಿ ಶಿಕ್ಷಕಿ. ತಮ್ಮ ಪುಣೆಯಲ್ಲಿ, ನನ್ನ ಹಾಗೇ ಲ್ಯಾಪ್‌ಟಾಪ್ ಕೂಲಿ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿ ಕೊಡುತ್ತೇನೆ. ಯಂತ್ರಗಳು 60 ಲಕ್ಷ, ದಾಸ್ತಾನು ಮತ್ತು ಉದ್ರಿ ಸೇರಿ 90 ಲಕ್ಷ, ಬ್ಯಾಂಕ್ ಸಾಲ 50 ಲಕ್ಷ. ಹಾಗಾಗಿ ಫರ್ಮಿನ ನಿವ್ವಳ ಬೆಲೆ 1 ಕೋಟಿ. ಅದರಲ್ಲಿ ದೊಡ್ಡಪ್ಪನದು 60, ಅಣ್ಣನದು 40. ಮಿಲ್ಲು ನಿಂತ ಜಾಗ ಮತ್ತು ಕಟ್ಟಡ 80 ಲಕ್ಷ, ಆದರೆ ಅದು ಫರ್ಮಿನದಲ್ಲ. ದೊಡ್ಡಪ್ಪ ಸ್ವಂತ ದುಡಿಮೆಯಿಂದ ಕೊಂಡದ್ದು, ಕ್ರಯಪತ್ರ ಅವರೊಬ್ಬರ ಹೆಸರಿನಲ್ಲಿದೆ.

ಈ ಜಾಗದ ಸಂಗತಿ ಬಹಳ ಮನೆಗಳಲ್ಲಿ ಯಾರ ಗಮನಕ್ಕೂ ಬಂದಿರುವುದಿಲ್ಲ. ಫರ್ಮು ಇಪ್ಪತ್ತು ವರ್ಷ ಬಳಸಿದೆ ಅನ್ನುವ ಕಾರಣಕ್ಕೆ ಜಾಗ ಫರ್ಮಿನ ಆಸ್ತಿ ಆಗುವುದಿಲ್ಲ. ದೊಡ್ಡಪ್ಪ ಉಯಿಲು ಬರೆಯದೆ ಹೋದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೆ, ಮೂವರು ಮಕ್ಕಳಿಗೆ ಸಮಪಾಲು. ಜಾಗದಲ್ಲಿ ತಲಾ 20 ಲಕ್ಷ, ಫರ್ಮಿನ 60 ಲಕ್ಷದಲ್ಲಿ ತಲಾ 15. ಅಣ್ಣ ಮಿಲ್ಲನ್ನು ಪೂರ್ತಿ ತಾನೇ ಉಳಿಸಿಕೊಳ್ಳಬೇಕೆಂದರೆ ಉಳಿದ ಮೂವರಿಗೆ 35ರಂತೆ 1 ಕೋಟಿ 5 ಲಕ್ಷ ಎಣಿಸಬೇಕು. ತೆರಿಗೆ, ಬ್ಯಾಂಕ್ ಬಡ್ಡಿ, ಅವನ ದುಡಿಮೆಯ ಹಣ ಎಲ್ಲ ಕಳೆದ ಮೇಲೆ ಮಿಲ್ಲು ಒಳ್ಳೆಯ ವರ್ಷದಲ್ಲಿ ಉಳಿಸುವುದು 18 ಲಕ್ಷ. ಸುಮಾರು ಆರು ವರ್ಷ ಮಿಲ್ಲಿಗೆ ಒಂದು ಬೆಲ್ಟೂ ಹೊಸದು ಹಾಕದೆ ದುಡಿಯಬೇಕು.

ಕೊಡದೆ ಮುಂದೆ ನಡೆಸಿದರೆ? ಅದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ, 37ನೇ ಕಲಂ. ಲೆಕ್ಕ ಚುಕ್ತಾ ಮಾಡದೆ ತೀರಿಕೊಂಡವರ ಬಂಡವಾಳ ಬಳಸಿ ವ್ಯವಹಾರ ನಡೆಸಿದರೆ, ವಾರಸುದಾರರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ಆ ಹಣದ ಮೇಲೆ ವರ್ಷಕ್ಕೆ ಶೇ. 6ರ ಬಡ್ಡಿ, ಅಥವಾ ಆ ಹಣ ದುಡಿದ ಲಾಭದ ಪಾಲು. ಆಯ್ಕೆ ಅವರದು, ನಡೆಸುವವನದಲ್ಲ. ಮೂವರ ಫರ್ಮಿನ ಪಾಲು 45 ಲಕ್ಷ. ಬಡ್ಡಿಯಾದರೆ 2.7 ಲಕ್ಷ. ಲಾಭದ ಶೇ. 45 ಅಂತ ಕೇಳಿದರೆ 8.1 ಲಕ್ಷ. ಯಾವುದನ್ನು ಕೇಳುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಈ ಲೆಕ್ಕವನ್ನು ಒಂದು ಶೀಟಿನಲ್ಲಿ ಹಾಕಿ ದೊಡ್ಡಪ್ಪನ ಮುಂದಿಟ್ಟೆ. ಅವರು ಕನ್ನಡಕ ಹಾಕಲೇ ಇಲ್ಲ. "ನಾ ಇನ್ನಾ ಗಟ್ಟಿ ಇದೀನಲ್ಲೋ ತಮ್ಮಾ. ಕಾಗದ ಅಂದ್ರ ಜಗಳದ ಬೀಜ. ನನ್ನ ಮಕ್ಕಳು ಹಂಗ ಇಲ್ಲ" ಅಂದರು. ಆ ಮಾತು ಸುಳ್ಳಲ್ಲ, ಅವರ ಮಕ್ಕಳು ನಿಜಕ್ಕೂ ಹಾಗಿಲ್ಲ. ಆದರೆ ಮೂವರ ಮನಸ್ಸಿನಲ್ಲೂ ಬೇರೆ ಬೇರೆ ಲೆಕ್ಕವಿತ್ತು, ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ. ಅಣ್ಣನಿಗೆ, ಹನ್ನೆರಡು ವರ್ಷ ಸಂಬಳವಿಲ್ಲದೆ ದುಡಿದಿದ್ದೇನೆ, ಮಿಲ್ಲು ನನ್ನದೇ ಅನ್ನುವ ಭಾವ. ತಮ್ಮನಿಗೆ, ನನ್ನ ಓದಿಗೆ ಖರ್ಚು ಮಾಡಿದ್ದನ್ನೇ ಪಾಲು ಅಂತ ಮುಗಿಸಿಬಿಡುತ್ತಾರೇನೋ ಅನ್ನುವ ಅನುಮಾನ. ಅಕ್ಕ ಹೇಳಿದ್ದು ನನಗೆ ಎಲ್ಲಕ್ಕಿಂತ ನೇರವೆನಿಸಿತು. "ನನಗ ಮಿಲ್ಲು ಬ್ಯಾಡಪಾ. ಆದ್ರ ಏನೈತಿ, ಎಷ್ಟೈತಿ ಅಂತ ತೋರಿಸಲಾರದೆ ಇಲ್ಲಿ ಸಹಿ ಮಾಡವ್ವಾ ಅಂದ್ರ ನಾ ಮಾಡಂಗಿಲ್ಲ."

ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅರಿಷಿಣ ಕುಂಕುಮ, ಒಂದು ಸೀರೆ ಕೊಟ್ಟು ಕಳಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಉತ್ತರಾಧಿಕಾರ ಯೋಜನೆ ಅಂದರೆ ಅದೇ ಅಂತ ಎಷ್ಟೋ ಹಿರಿಯರು ತಿಳಿದಿದ್ದಾರೆ. ಅದು ಯೋಜನೆಯಲ್ಲ, ಮುಂದಿನ ದಾವೆಗೆ ಹಾಕುವ ಅಡಿಪಾಯ. ಪಿತ್ರಾರ್ಜಿತ ಹೊಲದಲ್ಲಂತೂ 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಅದನ್ನು ದೊಡ್ಡಪ್ಪ ಉಯಿಲಿನಲ್ಲಿ ಬೇಕಾದ ಹಾಗೆ ಹಂಚಲು ಬರುವುದಿಲ್ಲ. ಹಾಗಾಗಿ ಹೊಲದ ಮಾತನ್ನು ಬೇರೆ ಇಟ್ಟು, ಮಿಲ್ಲಿನದಷ್ಟನ್ನೇ ಮೊದಲು ತೆಗೆದುಕೊಂಡೆವು. ಎಲ್ಲ ಒಟ್ಟಿಗೆ ಬಿಚ್ಚಿದರೆ ಯಾವುದೂ ಮುಗಿಯುವುದಿಲ್ಲ.

ಮೊದಲ ಕೆಲಸ, ಮೂರನೇ ಪಾಲುದಾರ. ದೊಡ್ಡಪ್ಪನ ಮನಸ್ಸು ತಮ್ಮನ ಮೇಲಿತ್ತು. ನಾನು ಬೇಡ ಅಂದೆ. ಈ ಅಂಕಣ ಓದುವ ನಿಮ್ಮಲ್ಲಿ ತುಂಬ ಜನಕ್ಕೆ ಇದು ನೇರ ಸಂಬಂಧಪಟ್ಟದ್ದು. ಪಾಲುದಾರನ ಹೊಣೆಗೆ ಮಿತಿಯಿಲ್ಲ. ಶೇ. 5ರ ಪಾಲು ಇದ್ದರೂ ಫರ್ಮಿನ ಪೂರ್ತಿ ಸಾಲಕ್ಕೆ ನಿಮ್ಮ ಪುಣೆಯ ಫ್ಲ್ಯಾಟು, ಸೇವಿಂಗ್ಸು ಎಲ್ಲ ಹೊಣೆ. ಅದರ ಮೇಲೆ ನೌಕರಿ ಕರಾರಿನಲ್ಲಿ ಬೇರೆ ವ್ಯವಹಾರದಲ್ಲಿ ತೊಡಗಬಾರದು, ತೊಡಗಿದರೆ ಮೊದಲೇ ತಿಳಿಸಬೇಕು ಅನ್ನುವ ಷರತ್ತು ನಮ್ಮ ಕಂಪನಿಗಳಲ್ಲಿ ಸಾಮಾನ್ಯ. ಅಪ್ಪ ಹೇಳಿದರು ಅಂತ ಸಹಿ ಮಾಡುವ ಮೊದಲು ಎರಡನ್ನೂ ಓದಿ. ಬ್ಯಾಂಕಿನ ಜಾಮೀನು ಪತ್ರಕ್ಕೂ ಇದೇ ಮಾತು.

ಕೊನೆಗೆ ಮೂರನೆಯವರು ಯಾರೆಂದು ಹುಡುಕಬೇಕಾಗಿಯೇ ಇರಲಿಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಏಳು ವರ್ಷದಿಂದ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಇ-ವೇ ಬಿಲ್ಲು ತೆಗೆಯುವವರು, ಜಿಎಸ್‌ಟಿ ತುಂಬುವವರು ಅವರೇ. "ಸೊಸಿ ಹೆಸರು ಫರ್ಮಿನ್ಯಾಗ?" ಅಂತ ದೊಡ್ಡಪ್ಪ ಒಂದು ವಾರ ಮುಖ ಗಂಟು ಹಾಕಿಕೊಂಡರು. ದೊಡ್ಡಮ್ಮ ಒಂದು ಸಲ ಕೇಳಿದರು, "ಕಿರ್ದಿ ಬರಿಲಕ ಬರ್ತದ, ಹೆಸರು ಬರಿಲಕ ಬರಂಗಿಲ್ಲೇನು?" ಅಲ್ಲಿಗೆ ಮುಗಿಯಿತು. ವೈನಿ ತಮ್ಮದೇ ಉಳಿತಾಯದ 5 ಲಕ್ಷ ಹಾಕಿ ಶೇ. 5ರ ಪಾಲುದಾರರಾದರು. ಮಾವ ತಮ್ಮ ಬಂಡವಾಳವನ್ನೇ ಸೊಸೆಗೆ ಉಚಿತವಾಗಿ ಬರೆದುಕೊಟ್ಟರೆ ಅದರ ಆದಾಯ ತೆರಿಗೆ ಲೆಕ್ಕದಲ್ಲಿ ಮತ್ತೆ ಮಾವನಿಗೇ ಸೇರುತ್ತದೆ, ಅದಕ್ಕೇ ಅವರ ಸ್ವಂತ ಹಣ. ಈಗ ಮೂವರಲ್ಲಿ ಒಬ್ಬರು ಹೋದರೂ ಇಬ್ಬರು ಉಳಿಯುತ್ತಾರೆ. "ಮುಂದುವರಿಯತಕ್ಕದ್ದು" ಅನ್ನುವ ಹಳೆಯ ಸಾಲಿಗೆ ಜೀವ ಬಂತು. ಪ್ಯಾನ್ ಅದೇ ಇರುತ್ತದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ 15 ದಿನದೊಳಗೆ REG-14 ಅರ್ಜಿ ಹಾಕಿ ಪಾಲುದಾರರ ಹೆಸರು ಬದಲಿಸಿದರೆ ಆಯಿತು. ಫರ್ಮುಗಳ ರಿಜಿಸ್ಟ್ರಾರರಿಗೂ ಬದಲಾವಣೆ ತಿಳಿಸಬೇಕು. ನೋಂದಣಿ ಇಲ್ಲದ ಫರ್ಮು ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಕರಾರಿನ ದಾವೆ ಹೂಡುವಂತಿಲ್ಲ, ಉದ್ರಿ ವ್ಯವಹಾರದವರಿಗೆ ಅದು ಸಣ್ಣ ವಿಷಯವಲ್ಲ.

ಎಲ್‌ಎಲ್‌ಪಿ ಯಾಕೆ ಮಾಡಲಿಲ್ಲ ಅಂತ ಕೇಳುವವರಿಗೆ: ಒಳ್ಳೆಯ ದಾರಿಯೇ. ಸಾವಿನಿಂದ ಸಂಸ್ಥೆ ಮುರಿಯುವುದಿಲ್ಲ, ಪಾಲುದಾರರ ಹೊಣೆಗೆ ಮಿತಿಯಿದೆ. ಆದರೆ ಸಾಲಕ್ಕೆ ಬ್ಯಾಂಕು ಹೇಗೂ ವೈಯಕ್ತಿಕ ಜಾಮೀನು ಕೇಳುತ್ತದೆ, ಪ್ರತಿವರ್ಷದ ಫೈಲಿಂಗು ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ. ಈ ಗಾತ್ರದ ಮಿಲ್ಲಿಗೆ ಈಗಲೇ ಬೇಡ ಅನ್ನಿಸಿತು.

ಎರಡನೆಯದು ಜಾಗ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಜಾಗವನ್ನು ಫರ್ಮಿಗೆ ಸೇರಿಸಿದರೆ ಅಣ್ಣನ ಕೈ ಮೇಲಾಗುತ್ತದೆ. ಹಾಗೇ ಬಿಟ್ಟರೆ ಯಂತ್ರದ ಕೆಳಗಿನ ನೆಲಕ್ಕೆ ನಾಲ್ಕು ಮಾಲೀಕರಾಗುತ್ತಾರೆ, ಅವರಲ್ಲಿ ಒಬ್ಬರು ತಕರಾರು ತೆಗೆದರೂ ಮಿಲ್ಲಿಗೆ ಕಂಟಕ. ವಕೀಲರು ಮಧ್ಯದ ದಾರಿ ತೋರಿಸಿದರು. ಜಾಗ ದೊಡ್ಡಪ್ಪನ ಹೆಸರಿನಲ್ಲೇ ಇರಲಿ. ಅವರು ಫರ್ಮಿಗೆ 15 ವರ್ಷದ ಬಾಡಿಗೆ ಕರಾರು ಬರೆದುಕೊಡಲಿ, ತಿಂಗಳಿಗೆ 40,000. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಹಾಗೆ ಆದ ಕರಾರು ಮಾಲೀಕರು ತೀರಿಕೊಂಡರೂ ವಾರಸುದಾರರನ್ನು ಕಟ್ಟಿಹಾಕುತ್ತದೆ. ಮಿಲ್ಲನ್ನು ಯಾರೂ ಎಬ್ಬಿಸಲಾರರು. ಜೊತೆಗೆ ಉಯಿಲು: ತಮ್ಮ ನಂತರ ಜಾಗ ದೊಡ್ಡಮ್ಮನ ಜೀವಮಾನಕ್ಕೆ, ಆಮೇಲೆ ಮೂವರು ಮಕ್ಕಳಿಗೆ ಸಮನಾಗಿ. ದೊಡ್ಡಮ್ಮನ ಕೈಗೆ ಯಾರನ್ನೂ ಕೇಳದೆ ತಿಂಗಳಿಗೆ 40,000 ಬರುತ್ತದೆ, ಮಗನ ಮನೆಯಲ್ಲಿದ್ದರೂ. ಅಕ್ಕನಿಗೆ, ತಮ್ಮನಿಗೆ ಮುಂದೆ ಬಾಡಿಗೆಯ ಪಾಲು. ಅಣ್ಣ ಜಾಗಕ್ಕಾಗಿ 60 ಲಕ್ಷ ಹೊಂದಿಸುವ ಚಿಂತೆ ತಪ್ಪಿತು. ಮುಂದೆ ಯಾರಾದರೂ ತಮ್ಮ ಪಾಲು ಮಾರುವುದಾದರೆ ಮೊದಲು ಮನೆಯವರನ್ನೇ ಕೇಳಬೇಕು ಅಂತ ಉಯಿಲಿನಲ್ಲಿ ಸೇರಿಸಿದೆವು. ಉಯಿಲಿಲ್ಲದೆ ವಾರಸಿನಿಂದ ಬಂದ ಆಸ್ತಿಗಾದರೆ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಇಂಥದ್ದೇ ಹಕ್ಕು ಕೊಡುತ್ತದೆ, ಜಾಗಕ್ಕೆ ಮಾತ್ರವಲ್ಲ, ವ್ಯಾಪಾರಕ್ಕೂ. ಬಹಳ ಜನಕ್ಕೆ ಗೊತ್ತಿಲ್ಲದ ಕಲಂ ಅದು.

ನಾಮಿನಿ ಹೆಸರು ಹಾಕಿದ್ದೇವಲ್ಲ, ಉಯಿಲು ಯಾಕೆ ಅಂತ ಅಣ್ಣ ಕೇಳಿದ. ನಾಮಿನಿ ಅಂದರೆ ಹಣ ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವನು, ಮಾಲೀಕನಲ್ಲ. ಕಂಪನಿ ಷೇರುಗಳಿಗೂ ಇದೇ ನಿಯಮ ಅಂತ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಿದೆ. ನಿಮ್ಮ ಡಿಮ್ಯಾಟ್ ಖಾತೆಗೂ ಅನ್ವಯ, ನೆನಪಿಟ್ಟುಕೊಳ್ಳಿ.

ಮೂರನೆಯದು ದುಡ್ಡು ಕೊಡುವ ಬಗೆ. ಹೊಸ ಪತ್ರದ ಪ್ರಕಾರ ದೊಡ್ಡಪ್ಪನ ವಾರಸುದಾರರಿಗೆ ಫರ್ಮಿನ ಪಾಲಿನ ಹಣ ಬರುತ್ತದೆ, ಗಾದಿಯ ಮೇಲೆ ಜಾಗ ಬರುವುದಿಲ್ಲ. ಹಣ ಎಷ್ಟು? ಪ್ರತಿ ಮಾರ್ಚ್ 31ಕ್ಕೆ ಒಂದು ಹಾಳೆಯ ಲೆಕ್ಕ, ಮೂರು ಮಕ್ಕಳೂ ನೋಡಿ ಸಹಿ ಹಾಕಬೇಕು. ದಾಸ್ತಾನಿಗೆ ಕೊಂಡ ದರ ಅಥವಾ ಅವತ್ತಿನ ಎಪಿಎಂಸಿ ದರ, ಯಾವುದು ಕಡಿಮೆಯೋ ಅದು. ಯಂತ್ರಗಳಿಗೆ ಮೂರು ವರ್ಷಕ್ಕೊಮ್ಮೆ ಹೊರಗಿನವರಿಂದ ಬೆಲೆ ಕಟ್ಟಿಸುವುದು. ತಕರಾರು ಎದ್ದದ್ದು ಉದ್ರಿಯ ಮೇಲೆ. ದೊಡ್ಡಪ್ಪನ ಪ್ರಕಾರ ಎಲ್ಲ ಉದ್ರಿಯೂ ಬಂಗಾರ, "ಅವ ಕೊಡ್ತಾನ, ಅವನಪ್ಪನೂ ಕೊಟ್ಟಾನ." ವೈನಿ ಟ್ಯಾಲಿಯಿಂದ ಪಟ್ಟಿ ತೆಗೆದರು. ಒಂದು ವರ್ಷ ದಾಟಿದ್ದೇ 14 ಲಕ್ಷವಿತ್ತು. ಕೊನೆಗೆ, ಆರು ತಿಂಗಳು ದಾಟಿದ ಉದ್ರಿಗೆ ಅರ್ಧ ಬೆಲೆ, ವರ್ಷ ದಾಟಿದ್ದಕ್ಕೆ ಸೊನ್ನೆ, ಮುಂದೆ ವಸೂಲಾದರೆ ಆಗ ಹಂಚಿಕೆ ಅಂತ ಬರೆದೆವು. ವಾರಸುದಾರರ ಜಗಳ ಬಹುಪಾಲು ಹುಟ್ಟುವುದು ಈ ಸಾಲಿನಲ್ಲಿ. ಕಾಗದದ ಮೇಲಿನ ಉದ್ರಿಗೆ ಪಾಲು ಕೇಳುವವರಿಗೂ, ಕೈಗೆ ಬಾರದ ಹಣಕ್ಕೆ ಪಾಲು ಕೊಡಬೇಕಾದವನಿಗೂ ನಡುವೆ.

ಅಕ್ಕನಿಗೆ ಹಣ ನಾಲ್ಕು ವರ್ಷದಲ್ಲಿ ಬೇಕಿತ್ತು. ಮೇಲಿನ ದುಂಡು ಲೆಕ್ಕದಲ್ಲೇ ಹಾಕಿ ನೋಡಿದೆವು. ಲಾಭ 18 ಲಕ್ಷದಲ್ಲಿ ಜಾಗದ ಬಾಡಿಗೆ 4.8 ಕಳೆದರೆ ಸುಮಾರು 13 ಉಳಿಯುತ್ತದೆ. 45 ಲಕ್ಷವನ್ನು ನಾಲ್ಕು ವರ್ಷಕ್ಕೆ ಹರಡಿದರೆ ವರ್ಷಕ್ಕೆ 11.25, ಮೊದಲ ವರ್ಷದ ಬಡ್ಡಿ ಶೇ. 8ರಂತೆ 3.6, ಒಟ್ಟು 14.85. ಮೊದಲ ವರ್ಷವೇ ಮಿಲ್ಲು ಮುಳುಗುತ್ತದೆ. ಆರು ವರ್ಷಕ್ಕಾದರೆ 7.5 ಮತ್ತು 3.6 ಸೇರಿ 11.1, ಆಮೇಲೆ ವರ್ಷ ವರ್ಷವೂ ಬಡ್ಡಿ ಇಳಿಯುತ್ತದೆ. ಬಿಗಿ, ಆದರೆ ಉಸಿರಾಡಬಹುದು. ಅಕ್ಕ ಶೀಟನ್ನು ತಾನೇ ಎರಡು ಸಲ ತಿದ್ದಿ ನೋಡಿ ಆರಕ್ಕೆ ಒಪ್ಪಿದಳು. ಕಂತು ಕಟ್ಟುವ ತಿಂಗಳು ಮೇ ಮತ್ತು ಆಗಸ್ಟ್, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದು ರೂಪಾಯಿಯೂ ಕೇಳುವಂತಿಲ್ಲ. ಮಳೆ ಕೈಕೊಟ್ಟ ವರ್ಷಕ್ಕೆ ಒಂದು ಕಂತು ಮುಂದೂಡಬಹುದು, ಸತತ ಎರಡು ಮುಂದೂಡುವಂತಿಲ್ಲ.

ಇಷ್ಟೆಲ್ಲ ಬರೆದರೂ ಶಬ್ದಗಳು ಕೈಕೊಡಬಹುದು. ಇದಕ್ಕೆ ನಮ್ಮ ನೆರೆಯದೇ ದೊಡ್ಡ ಉದಾಹರಣೆ ಕಿರ್ಲೋಸ್ಕರ್ ಮನೆತನ. ಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲು ತಯಾರಿಸಿ, 1910ರಲ್ಲಿ ಸಾಂಗ್ಲಿ ಕಡೆ ಕಿರ್ಲೋಸ್ಕರ್‌ವಾಡಿ ಕಟ್ಟಿದವರು. ಆ ಮನೆಯವರು 2009ರ ಸೆಪ್ಟೆಂಬರ್ 11ರಂದು ಕುಟುಂಬ ಒಪ್ಪಂದ ಪತ್ರ ಮಾಡಿಕೊಂಡರು. ಒಬ್ಬರ ವ್ಯವಹಾರದಲ್ಲಿ ಇನ್ನೊಬ್ಬರು ಪೈಪೋಟಿ ಮಾಡಬಾರದು ಅನ್ನುವ ಷರತ್ತೂ ಅದರಲ್ಲಿತ್ತು. 2017ರಲ್ಲಿ ಸಹೋದರರ ಕಡೆಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, ಲಾ-ಗಜ್ಜರ್ ಅನ್ನುವ ಪಂಪ್ ಕಂಪನಿಯನ್ನು ಕೊಂಡಿತು. ಪಂಪು ತಮ್ಮ ವ್ಯವಹಾರ ಅಂತ ಕಿರ್ಲೋಸ್ಕರ್ ಬ್ರದರ್ಸ್ ನಡೆಸುವ ಸಂಜಯ್ ಕಿರ್ಲೋಸ್ಕರ್ ಕೋರ್ಟಿಗೆ ಹೋದರು. ಮನೆಯವರು ವೈಯಕ್ತಿಕವಾಗಿ ಮಾಡಿದ ಸಹಿ ಅವರವರ ಕಂಪನಿಗಳನ್ನೂ ಕಟ್ಟುತ್ತದೆಯೇ ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಮಧ್ಯಸ್ಥಿಕೆಯ ದಾರಿ ಸೂಚಿಸಿತು. ಅಷ್ಟು ದೊಡ್ಡ ವಕೀಲರ ದಂಡು ಇದ್ದ ಮನೆಯಲ್ಲಿ "ವ್ಯವಹಾರ" ಅನ್ನುವ ಒಂದು ಪದದ ಗಡಿ ಎಲ್ಲಿ ಅನ್ನುವುದು ಹನ್ನೆರಡು ವರ್ಷದ ಮೇಲೂ ತೀರಲಿಲ್ಲ.

ನಮ್ಮ ಮನೆಯಲ್ಲಿ ಇದು ದೂರದ ಮಾತಲ್ಲ. ತಮ್ಮನಿಗೆ ಪುಣೆಯಲ್ಲಿ ಒಂದು ಕಿಲೋ ಪಾಕೀಟಿನಲ್ಲಿ ಆನ್‌ಲೈನ್ ಬೇಳೆ ಮಾರುವ ಆಸೆಯಿದೆ, ದೊಡ್ಡಪ್ಪನ ಚೀಲದ ಮೇಲಿನ ಅದೇ ಮಾರ್ಕಾ ಹಾಕಿ. ಹಾಗಾಗಿ ಗಡಿ ಬಿಡಿಸಿ ಬರೆದೆವು. ಸಗಟು ಬೇಳೆ, ಅಂದರೆ 30 ಕಿಲೋ ಮತ್ತು ಮೇಲಿನ ಚೀಲ, ಫರ್ಮಿನದು. ಐದು ಕಿಲೋ ಒಳಗಿನ ಪಾಕೀಟು ತಮ್ಮನಿಗೆ ಮುಕ್ತ, ಆದರೆ ಮೂರು ವರ್ಷ ಬೇಳೆಯನ್ನು ಮಿಲ್ಲಿನಿಂದಲೇ ಕೊಳ್ಳಬೇಕು. ಈ ಕಟ್ಟು ಅವನಿಗೂ, ಅವನು ಅಥವಾ ಅವನ ಹೆಂಡತಿ ಪಾಲು ಹೊಂದಿದ ಯಾವುದೇ ಸಂಸ್ಥೆಗೂ. ಮಾರ್ಕಾದ ಟ್ರೇಡ್‌ಮಾರ್ಕ್ ಫರ್ಮಿನ ಹೆಸರಿನಲ್ಲಿ, ತಮ್ಮನಿಗೆ ಬಳಸಲು ಬರಹದ ಅನುಮತಿ. 1924ರಲ್ಲಿ ಶುರುವಾದ ಎಂಟಿಆರ್ ನೋಡಿ. 2007ರಲ್ಲಿ ಪಾಕೀಟಿನ ತಿನಿಸಿನ ಕಂಪನಿ ನಾರ್ವೆಯ ಓರ್ಕ್ಲಾ ಪಾಲಾಯಿತು, ಹೋಟೆಲು ಮನೆತನದ ಕೈಯಲ್ಲೇ ಉಳಿಯಿತು. ಒಂದೇ ಹೆಸರಿನ ಎರಡು ವ್ಯಾಪಾರಗಳನ್ನು ಬೇರ್ಪಡಿಸಿ ಇಡಬಹುದು, ಬೇರ್ಪಟ್ಟಿವೆ ಅಂತ ಮೊದಲೇ ಸ್ಪಷ್ಟವಿದ್ದರೆ.

ಇನ್ನು ದಿನನಿತ್ಯದ ಆಡಳಿತ. ಇಲ್ಲಿ ವಕೀಲರಿಗಿಂತ ವೈನಿಯ ಅಕ್ಷರ ಹೆಚ್ಚು. ಅಣ್ಣನಿಗೆ ಏಪ್ರಿಲ್‌ನಿಂದ ಪತ್ರದಲ್ಲೇ ನಮೂದಿಸಿದ ಸಂಬಳ, ಲಾಭದ ಪಾಲು ಬೇರೆ. ಹಳೆಯ ಹನ್ನೆರಡು ವರ್ಷಕ್ಕೆ ಅವನ ಬಂಡವಾಳ ಖಾತೆಯಲ್ಲಿರುವ 40 ಲಕ್ಷವೇ ಪೂರ್ತಿ ಲೆಕ್ಕ ಅಂತ ಮೂವರೂ ಒಪ್ಪಿ ಬರೆದುಕೊಂಡರು. ಇದೊಂದು ಸಾಲಿಗೆ ಎರಡು ಭಾನುವಾರ ಹಿಡಿಯಿತು. ಎರಡು ಲಕ್ಷದ ಮೇಲಿನ ಚೆಕ್ಕಿಗೆ ಇಬ್ಬರ ಸಹಿ. ಬ್ಯಾಂಕ್ ಒಟಿಪಿ ದೊಡ್ಡಪ್ಪನ ಫೋನಿಗಷ್ಟೇ ಬರುತ್ತಿತ್ತು, ಅದನ್ನು ಬದಲಿಸಲಾಯಿತು. ಹೊಸ ಸಾಲ, ಬೇರೆಯವರಿಗೆ ಜಾಮೀನು, ಯಂತ್ರ ಮಾರಾಟ, ಮಿಲ್ಲನ್ನೇ ಮಾರುವುದು, ಈ ನಾಲ್ಕಕ್ಕೆ ಪಾಲುದಾರರಲ್ಲದ ಅಕ್ಕ ಮತ್ತು ತಮ್ಮನಿಗೂ ಮೂವತ್ತು ದಿನ ಮೊದಲೇ ಬರಹದಲ್ಲಿ ತಿಳಿಸಬೇಕು. ಅವರ ಕಂತು ಬಾಕಿ ಇರುವವರೆಗೆ ಇಬ್ಬರ ಒಪ್ಪಿಗೆಯೂ ಬೇಕು. ಕುಟುಂಬದ ಸಂವಿಧಾನ ಅಂತ ಚೆಂದದ ಪುಸ್ತಕ ಮಾಡಿಕೊಳ್ಳುವ ಮನೆತನಗಳಿವೆ. ಅದರಲ್ಲಿರುವುದು ಪಾಲುದಾರಿಕೆ ಪತ್ರಕ್ಕೋ, ಉಯಿಲಿಗೋ, ಬಾಡಿಗೆ ಕರಾರಿಗೋ ಇಳಿಯದಿದ್ದರೆ ಕೋರ್ಟಿನಲ್ಲಿ ಅದರ ತೂಕ ಬಹಳ ಕಡಿಮೆ.

ದೊಡ್ಡಪ್ಪ 70 ತುಂಬಿದ ಮೇಲೆ ನಿವೃತ್ತಿ ಅಂತ ಒಪ್ಪಿದ್ದಾರೆ, ಅದಕ್ಕಿನ್ನೂ ಎರಡು ವರ್ಷ. ಅವತ್ತು ಬರೀ ಹಾರ ಹಾಕಿ ಕಳಿಸಿದರೆ ಸಾಲದು. ನಿವೃತ್ತಿಯನ್ನು ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲಿ ಮತ್ತು ಈ ಕಡೆ ಓದುವ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಇಲ್ಲದಿದ್ದರೆ ನಂತರ ಅಣ್ಣ ಮಾಡಿದ ಸಾಲಕ್ಕೂ ಅವರೇ ಹೊಣೆಯಾಗಿ ಉಳಿಯುತ್ತಾರೆ. ಬ್ಯಾಂಕಿನಲ್ಲಿರುವ ಅವರ ಜಾಮೀನು ಬೇರೆ, ಅದನ್ನು ಬ್ಯಾಂಕು ಬರಹದಲ್ಲಿ ಬಿಡುಗಡೆ ಮಾಡಬೇಕು.

ಆ ಎರಡು ವರ್ಷದ ಕೆಲಸ ಅಂತ ಅವರಿಗೆ ಒಂದೇ ಒಪ್ಪಿಸಿದ್ದೇವೆ. ಯಾವ ಅಡತಿಗೆ ಎಷ್ಟು ದಿನದ ವಾಯಿದೆ, ಯಾವ ಊರಿನ ತೊಗರಿಯಲ್ಲಿ ಬೇಳೆ ಇಳುವರಿ ಜಾಸ್ತಿ, ಯಾವ ಗಿರಾಕಿ ದರ ಇಳಿದಾಗ ಮಾಲು ವಾಪಸ್ ಕಳಿಸುತ್ತಾನೆ, ಇದೆಲ್ಲ ಅವರ ತಲೆಯಲ್ಲಿ ಮಾತ್ರ ಇದೆ. ಪ್ರತಿ ಶನಿವಾರ ಬಾಜಾರಕ್ಕೆ ಹೋಗುವಾಗ ವೈನಿ ಜೊತೆಗೆ ಹೋಗುತ್ತಾರೆ, ಬಂದು ಬರೆದಿಡುತ್ತಾರೆ. ಮೊದಲ ಶನಿವಾರ ದೊಡ್ಡಪ್ಪ ಅಡತಿ ಅಂಗಡಿಗಳಲ್ಲಿ "ಸೊಸಿ, ಸುಮ್ಮ ನೋಡ್ಲಕ ಬಂದಾಳ" ಅಂತ ಪರಿಚಯಿಸಿದರಂತೆ. ಹೋದ ವಾರದ ಹೊತ್ತಿಗೆ ಅದು "ನಮ್ಮ ಪಾರ್ಟನರ್" ಆಗಿದೆ ಅಂತ ಅಣ್ಣ ಹೇಳಿದ.

ಒಂದು ಷರತ್ತು ಮಾತ್ರ ಇನ್ನೂ ಖಾಲಿ ಇದೆ. ಮೊಮ್ಮಕ್ಕಳಲ್ಲಿ ಯಾರು ಮಿಲ್ಲಿಗೆ ಬರಬಹುದು, ಏನು ಕಲಿತು ಬರಬೇಕು, ಅಕ್ಕನ ಮಗಳು ಬರುತ್ತೇನೆ ಅಂದರೆ ಅವಳಿಗೂ ಅದೇ ನಿಯಮವೇ. ಅಣ್ಣ ಸುಮ್ಮನಿದ್ದಾನೆ, ಅಕ್ಕ ಕೇಳುವುದನ್ನು ಬಿಟ್ಟಿಲ್ಲ. ಪತ್ರದಲ್ಲಿ ಆ ಪುಟದ ಅರ್ಧ ಬಿಳಿ ಇದೆ. ಯುಗಾದಿಗೆ ಎಲ್ಲರೂ ಊರಿಗೆ ಬಂದಾಗ ತುಂಬುವುದು ಅಂತ ಆಗಿದೆ.